ಎರಡು ಸಲ ಬಂದ ಹೆಸರು

ಹೆಬ್ಬಾಳದ ಬಸ್ಸಿನಲ್ಲಿ ಅಕ್ಕನಿಗೆ ಸೀಟು ಹಿಡಿಯುವುದನ್ನು ನಾನು ಬೇಕೆಂದೇ ನಿಲ್ಲಿಸಿದೆ. ಮರೆತು ಅಲ್ಲ, ಬಸ್ಸು ತುಂಬಿತ್ತೆಂದೂ ಅಲ್ಲ. ನಾನು ಅಗ್ರಹಾರದಿಂದ ನಡೆದು ಬಂದು ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಹತ್ತುತ್ತಿದ್ದೆ. ಆಗ ಬಸ್ಸು ಖಾಲಿ ಇರುತ್ತಿತ್ತು. ಪಕ್ಕದ ಸೀಟಿನಲ್ಲಿ ಊಟದ ಚೀಲ ಇಟ್ಟುಕೊಂಡು, ಕೇಳಿದವರಿಗೆಲ್ಲ "ಬರ್ತಾರೆ, ಬರ್ತಾರೆ" ಎಂದು ಸುಳ್ಳು ಮುಖ ಮಾಡಿಕೊಂಡು, ಕುಂಬಾರಕೊಪ್ಪಲು ಬರುವವರೆಗೆ ಕಾಯುತ್ತಿದ್ದೆ. ಅಲ್ಲಿ ಅಕ್ಕ ಹತ್ತುತ್ತಿದ್ದಳು. ಎರಡು ವರ್ಷ ಹಾಗೆ ನಡೆಯಿತು. ಆಮೇಲೆ ಒಂದು ಸೋಮವಾರ ನಾನು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅಕ್ಕ ಹತ್ತಿದಳು, ನೋಡಿದಳು, ಕಂಬಿ ಹಿಡಿದು ನಿಂತಳು. ನನಗೆ ಹಾಯೆನಿಸಿತು. ಅದನ್ನು ಮುಚ್ಚಿಡುವುದೇಕೆ?

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ನಾವಿಬ್ಬರೂ ಹೆಬ್ಬಾಳದ ಒಂದು ಸಣ್ಣ ಆಫೀಸಿನಲ್ಲಿ ಡೇಟಾ ಎಂಟ್ರಿ ಮಾಡುತ್ತಿದ್ದೆವು. ಏಜೆನ್ಸಿಯ ಮೂಲಕ ಕಾಂಟ್ರ್ಯಾಕ್ಟ್ ಕೆಲಸ, ಆರು ತಿಂಗಳಿಗೊಮ್ಮೆ ಮುಂದುವರಿಸುತ್ತಾರೋ ಇಲ್ಲವೋ ಎಂಬ ಭಯ. ಒಟ್ಟು ಆರು ಜನ ಹೆಂಗಸರು. ಒಬ್ಬರ ವೆಬ್‌ಸೈಟಿನಲ್ಲಿ ಇರುವುದನ್ನು ನೋಡಿ ಇನ್ನೊಬ್ಬರ ಎಕ್ಸೆಲ್ ಹಾಳೆಗೆ ಹೊಡೆಯುವುದೇ ನಮ್ಮ ಕಸುಬು. ನಾನು ಸೇರಿದಾಗ ಕೆಲಸ ಕಲಿಸಿದವಳು ಅಕ್ಕ. ಐವತ್ತರ ಹತ್ತಿರದವಳು, ದಪ್ಪ ಕನ್ನಡಕ, ಕೈಯಲ್ಲೊಂದು ಹದಿನೈದು ಸೆಂಟಿಮೀಟರಿನ ಸ್ಕೇಲು. ಪರದೆಯ ಮೇಲೆ ಯಾವ ಸಾಲು ಓದುತ್ತಿದ್ದಾಳೋ ಅದರ ಕೆಳಗೆ ಸ್ಕೇಲು ಹಿಡಿದು ಟೈಪ್ ಮಾಡುತ್ತಿದ್ದಳು. ಒಂದು ಕೈಯಲ್ಲಿ ಸ್ಕೇಲು, ಇನ್ನೊಂದು ಕೈಯಲ್ಲಿ ಟೈಪಿಂಗ್. ನೋಡುವವರಿಗೆ ತಲೆ ಕೆಡುತ್ತಿತ್ತು. ಆದರೆ ತಪ್ಪು ಮಾತ್ರ ಇರುತ್ತಿರಲಿಲ್ಲ.

ಯಾರು ಎಷ್ಟು ಸಾಲು ಹೊಡೆದರು ಎಂಬುದನ್ನು ನಮ್ಮ ಸೂಪರ್‌ವೈಸರ್ ದಿನವೂ ಬಿಳಿ ಬೋರ್ಡಿನ ಮೇಲೆ ಬರೆಯುತ್ತಿದ್ದ. ಮೂವತ್ತು ದಾಟದ ಗಂಡಸು, ನಮ್ಮನ್ನೆಲ್ಲ ಮೇಡಂ ಎನ್ನುತ್ತಿದ್ದ. ಅವನ ಬಾಯಲ್ಲಿ ಆ ಮಾತು ಬೈಗುಳದಂತೆ ಕೇಳಿಸುತ್ತಿತ್ತು. ಬೋರ್ಡಿನಲ್ಲಿ ಅಕ್ಕ ಯಾವಾಗಲೂ ಕೆಳಗೆ. ನಾನು ಮೇಲೆ.

ನಾನು ಮೇಲಿದ್ದುದಕ್ಕೆ ಕಾರಣ ಬೆರಳಿನ ವೇಗವಲ್ಲ. ವೆಬ್ ಟೆಸ್ಟಿಂಗ್ ಕೋರ್ಸೊಂದಕ್ಕೆ ಶನಿವಾರ ಭಾನುವಾರ ಹೋಗಿ ಬಂದಿದ್ದೆ. ಅಲ್ಲಿ ಬ್ರೌಸರಿನ ಡೆವಲಪರ್ ಕನ್ಸೋಲ್ ತೋರಿಸಿದ್ದರು. ಎಫ್ ಹನ್ನೆರಡು ಒತ್ತಿದರೆ ಪುಟದ ಪಕ್ಕದಲ್ಲಿ ತೆರೆದುಕೊಳ್ಳುವ ಕಿಟಕಿ. ಅಲ್ಲಿ ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ನಾಲ್ಕು ಸಾಲು ಕೋಡು ಬರೆದರೆ, ಪುಟದಲ್ಲಿ ಇರುವುದನ್ನೆಲ್ಲ ಅದು ಒಟ್ಟಿಗೆ ಎತ್ತಿಕೊಡುತ್ತದೆ. ನಾನು ಮೊದಲು ಬಳಸಿದ್ದು ಇಷ್ಟೇ:

copy([...document.querySelectorAll('table tr')].map(r => r.innerText).join('\n'))

ಅಂದರೆ, ಪುಟದ ಕೋಷ್ಟಕದಲ್ಲಿರುವ ಸಾಲುಗಳನ್ನೆಲ್ಲ ಹುಡುಕು, ಒಂದೊಂದರ ಅಕ್ಷರಗಳನ್ನು ತೆಗೆ, ಒಂದರ ಕೆಳಗೊಂದು ಜೋಡಿಸಿ ಕಾಪಿ ಮಾಡಿಡು. ಎಕ್ಸೆಲ್ಲಿಗೆ ಹೋಗಿ ಪೇಸ್ಟ್ ಮಾಡಿದರೆ ಒಂದೊಂದು ವಿವರವೂ ತನ್ನ ತನ್ನ ಮನೆಯಲ್ಲಿ ಹೋಗಿ ಕೂರುತ್ತದೆ. ಒಂದು ಬೆಳಗಿನ ಕೆಲಸ ಒಂದು ಉಸಿರಿನಲ್ಲಿ ಮುಗಿಯುತ್ತಿತ್ತು. ಉಳಿದ ಹೊತ್ತು ನಾನು ಟೈಪ್ ಮಾಡುವವಳ ಹಾಗೆ ನಟಿಸುತ್ತಿದ್ದೆ.

ಇದನ್ನು ಕಂಡುಹಿಡಿದವಳು ಅಕ್ಕ. ಒಂದು ಮಧ್ಯಾಹ್ನ ನನ್ನ ಹಿಂದೆ ಬಂದು ನಿಂತು ನೋಡಿದಳು. ಸೂಪರ್‌ವೈಸರಿಗೆ ಹೇಳಲಿಲ್ಲ. ಊಟದ ಹೊತ್ತಿನಲ್ಲಿ, ಡಬ್ಬಿ ತೆರೆಯುತ್ತಾ, ಎಲ್ಲರ ಮುಂದೆ ನನಗೇ ಹೇಳಿದಳು.

"ನಾನು ಕೈ ಹಿಡ್ದು ಕಲ್ಸಿದ್ದು ಇದಲ್ಲ ಕಣಮ್ಮ. ಓದ್ದೇ ಇರೋದ್ನ ಓದಿದ್ದೀನಿ ಅಂತ ಹೇಳ್ಕೊಂಡು ಓಡಾಡ್ತಿದ್ದೀಯ. ನಿನ್ನ ದೆಸೆಯಿಂದ ನಾಳೆ ನಮ್ಮನ್ನೆಲ್ಲ ಆಚೆ ಹಾಕ್ಬುಡ್ತಾರೆ."

"ನಿಮಗೆ ಬರಲ್ಲ ಅಂದ್ರೆ ನಾನೇನ್ ಮಾಡ್ಲಿ ಅಕ್ಕ? ಸ್ಕೇಲ್ ಹಿಡ್ಕೊಂಡು ಕೂತಿರಿ," ಎಂದೆ ನಾನು.

ಯಾರೂ ನಗಲಿಲ್ಲ. ಅಕ್ಕ ಡಬ್ಬಿ ಮುಚ್ಚಿಕೊಂಡು ಎದ್ದು ಹೋದಳು. ಅದರ ಮುಂದಿನ ಸೋಮವಾರವೇ ಬಸ್ಸಿನ ಸೀಟು ಹೋಯಿತು. ನಾನು ಅಲ್ಲಿಗೂ ಬಿಡದೆ ಸೂಪರ್‌ವೈಸರನ ಹತ್ತಿರ ನಾನೇ ಹೋಗಿ, ಕನ್ಸೋಲಿನ ವಿಷಯ ಹೇಳಿ, ಮಾಡಿ ತೋರಿಸಿದೆ. ಅಕ್ಕ ಚಾಡಿ ಹೇಳುವ ಮೊದಲೇ ಹೇಳಿಬಿಡೋಣ ಎಂದುಕೊಂಡಿದ್ದೆ. ಅವಳು ಚಾಡಿ ಹೇಳುವವಳಲ್ಲ ಎಂಬುದು ನನಗೆ ಗೊತ್ತಿತ್ತು. ಆದರೂ ಹೇಳಿದೆ. ಅವನ ಕಣ್ಣು ಅರಳಿತು.

ಆ ವಾರವೇ ಆ ಕೆಲಸ ಬಂತು. ಪಕ್ಕದಲ್ಲೇ ಇದ್ದ ಒಂದು ಕಾರ್ಖಾನೆಯವರು ತಮ್ಮ ಕಾರ್ಮಿಕರಿಗೆಲ್ಲ ಕಿವಿ ಪರೀಕ್ಷೆ ಮಾಡಿಸಿದ್ದರು. ಫಲಿತಾಂಶವೆಲ್ಲ ಪರೀಕ್ಷೆ ಮಾಡಿದ ಹೊರಗಿನ ಕಂಪನಿಯವರ ಒಂದು ಪೋರ್ಟಲಿನಲ್ಲಿತ್ತು. ಅವರ ಜೊತೆ ಇವರಿಗೆ ಜಗಳವಾಗಿ ಕರಾರು ಮುಗಿದಿತ್ತು. ಪಟ್ಟಿ ಇಳಿಸಿಕೊಳ್ಳುವ ಬಟನ್ನನ್ನು ಅವರು ತೆಗೆದುಹಾಕಿದ್ದರು, ಮೌಸಿನಿಂದ ಅಕ್ಷರ ಆಯ್ಕೆ ಮಾಡಲೂ ಬಿಡುತ್ತಿರಲಿಲ್ಲ. ಶುಕ್ರವಾರ ಸಂಜೆ ಪೋರ್ಟಲ್ ಮುಚ್ಚುತ್ತದೆ. ಅಷ್ಟರೊಳಗೆ ಎಲ್ಲರ ಹೆಸರು, ವಿಭಾಗ, ಪರೀಕ್ಷೆಯ ದಿನ, ಫಲಿತಾಂಶ ಎಕ್ಸೆಲ್ಲಿಗೆ ಬರಬೇಕು. ಫಲಿತಾಂಶ ಎಂದರೆ ಎರಡೇ: ಸರಿಯಿದೆ, ಅಥವಾ ಮರುಪರೀಕ್ಷೆ. ಮರುಪರೀಕ್ಷೆ ಎಂದಿದ್ದವರನ್ನು ಈ ಪಟ್ಟಿ ನೋಡಿಯೇ ಕರೆಯುತ್ತಾರೆ.

ಸೂಪರ್‌ವೈಸರ್ ಐದು ಜನಕ್ಕೂ ಒಂದೊಂದು ವಿಭಾಗ ಹಂಚಿ ಕೈಯಿಂದ ಹೊಡೆಯಿರಿ ಎಂದ. ಅಕ್ಕನಿಗೆ ತಗಡು ಒತ್ತುವ ವಿಭಾಗ, ಪ್ರೆಸ್ ಶಾಪ್, ಬಂತು. ನನಗೆ ಪೂರ್ತಿ ಪಟ್ಟಿಯನ್ನು ಕನ್ಸೋಲಿನಿಂದ ತೆಗೆಯಲು ಹೇಳಿದ. "ಯಾರದ್ದು ಸರಿ ನೋಡೋಣ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ನಾನು ಕುರ್ಚಿ ಎಳೆದುಕೊಂಡು ಕೂತೆ. ಆ ದಿನ ನನ್ನಷ್ಟು ಸೊಕ್ಕಿದ್ದವಳು ಹೆಬ್ಬಾಳದಲ್ಲಿ ಇನ್ನೊಬ್ಬಳಿರಲಿಲ್ಲ.

ಮೊದಲ ಸಲ ಓಡಿಸಿದಾಗ ಬರೀ ನಲವತ್ತು ಸಾಲು ಬಂತು. ಆ ಪುಟ ಬೇರೆ ಥರದ್ದು. ಕಣ್ಣಿಗೆ ಕಾಣುವಷ್ಟು ಸಾಲುಗಳನ್ನು ಮಾತ್ರ ಅದು ಇಟ್ಟುಕೊಳ್ಳುತ್ತದೆ, ಕೆಳಗೆ ಸರಿಸಿದರೆ ಹೊಸವನ್ನು ತಂದು ಹಳೆಯವನ್ನು ತೆಗೆದುಬಿಡುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪವೇ ತಾನಾಗಿ ಕೆಳಗೆ ಸರಿಯುತ್ತಾ, ಪ್ರತಿ ಸಲ ಕಂಡ ಸಾಲುಗಳನ್ನು ಬಾಚಿಕೊಳ್ಳುತ್ತಾ ಹೋಗುವ ಹಾಗೆ ಬರೆದೆ. ಆಗ ಒಂದೇ ಸಾಲು ಎರಡು ಮೂರು ಸಲ ಸಿಗುತ್ತದೆ. ಅದನ್ನು ತಪ್ಪಿಸಲು ಮ್ಯಾಪ್ ಎಂಬುದನ್ನು ಬಳಸಿದೆ. ಮ್ಯಾಪಿನಲ್ಲಿ ಪ್ರತಿಯೊಂದಕ್ಕೂ ಒಂದು ಗುರುತು ಇರಬೇಕು. ಅದೇ ಗುರುತಿನದು ಮತ್ತೆ ಬಂದರೆ ಹಳೆಯದರ ಮೇಲೆ ಹೊಸದನ್ನು ಬರೆದುಕೊಳ್ಳುತ್ತದೆ. ಕಾರ್ಮಿಕರ ಟೋಕನ್ ನಂಬರು ಪರದೆಯ ಮೇಲೆ ಎಲ್ಲೂ ಕಾಣಲಿಲ್ಲ. ಹೆಸರು ಮತ್ತು ವಿಭಾಗ ಸೇರಿಸಿ ಅದನ್ನೇ ಗುರುತು ಮಾಡಿದೆ.

ಓಡಿಸಿದೆ. ಪುಟ ತಾನೇ ಜಾರುತ್ತಾ ಜಾರುತ್ತಾ ತಳ ಮುಟ್ಟಿತು. ಸಿಕ್ಕಿದ್ದನ್ನು ಇನ್ನೊಂದು ಸಾಲು ಬರೆದು ಕಾಪಿ ಮಾಡಿ ಪೇಸ್ಟ್ ಮಾಡಿದೆ. ಚಹಾ ಬರುವ ಮೊದಲೇ ಮುಗಿಯಿತು. ಪುಟದ ಕೆಳಗೆ ಪೋರ್ಟಲ್ ತೋರಿಸುತ್ತಿದ್ದ ಒಟ್ಟು ಲೆಕ್ಕಕ್ಕಿಂತ ನನ್ನದು ಮೂವತ್ತೊಂದು ಕಡಿಮೆಯಿತ್ತು.

"ಇದ್ಯಾಕೆ ಕಮ್ಮಿ?" ಎಂದು ಸೂಪರ್‌ವೈಸರ್ ಕೇಳಿದ.

"ಅವರು ಕೆಲವನ್ನ ಎರಡೆರಡು ಸಲ ಹಾಕಿದ್ದಾರೆ ಸರ್. ಡೂಪ್ಲಿಕೇಟು. ನನ್ನದು ಅದನ್ನೆಲ್ಲ ತೆಗೆದು ಕ್ಲೀನ್ ಮಾಡಿದೆ," ಎಂದೆ. ಒಂದು ಸಾಲನ್ನೂ ತೆರೆದು ನೋಡಿರಲಿಲ್ಲ.

ಗುರುವಾರ ಸಂಜೆ ಐದು ಜನರ ಹಾಳೆಗಳು ಬರಬೇಕಿತ್ತು. ನಾಲ್ಕು ಜನ ಜಾಣೆಯರು. ನನ್ನ ಪಟ್ಟಿಯನ್ನು ಹಂಚಿದ್ದೇ ತಡ, ತಮ್ಮದನ್ನು ಅದಕ್ಕೆ ಹೋಲಿಸಿ, ಹೆಚ್ಚಿದ್ದ ಸಾಲುಗಳನ್ನು ಅಳಿಸಿ ಸರಿಮಾಡಿಕೊಂಡರು. ತಕರಾರಿಲ್ಲದೆ ಮನೆಗೆ ಹೋಗುವುದು ಅವರಿಗೆ ಬೇಕಿತ್ತು. ಅಕ್ಕ ಒಂದು ಸಾಲನ್ನೂ ಅಳಿಸಲಿಲ್ಲ. ಅವಳ ಪ್ರೆಸ್ ಶಾಪಿನ ಹಾಳೆಯಲ್ಲಿ ನನ್ನದಕ್ಕಿಂತ ಒಂಬತ್ತು ಸಾಲು ಜಾಸ್ತಿ ಇತ್ತು.

ಶುಕ್ರವಾರ ಹನ್ನೊಂದಕ್ಕೆ ಸೂಪರ್‌ವೈಸರ್ ಎಲ್ಲರನ್ನೂ ಬೋರ್ಡಿನ ಮುಂದೆ ನಿಲ್ಲಿಸಿದ. ಅಕ್ಕನ ಹಾಳೆಯನ್ನು ಗೋಡೆಯ ಟಿವಿಗೆ ಹಾಕಿದ. ಎರಡು ಸಲ ಬಂದಿದ್ದ ಹೆಸರುಗಳಿಗೆಲ್ಲ ಕೆಂಪು ಬಣ್ಣ ಬಳಿದಿದ್ದ.

"ಮೇಡಂ, ರೋ ಕೌಂಟ್ ಜಾಸ್ತಿ ಮಾಡಿಕೊಳ್ಳೋಕೆ ಇದೊಂದು ದಾರಿ ಹಿಡಿದಿದ್ದೀರಾ? ಹೆಸರು ಅದೇ, ಇನಿಷಿಯಲ್ ಅದೇ, ಶಾಪ್ ಅದೇ. ಒಬ್ಬನೇ ಮನುಷ್ಯನನ್ನ ಎರಡೆರಡು ಸಲ ಹೊಡೆದಿದ್ದೀರ."

"ಅವ್ರು ಇಬ್ರು ಇದ್ದಾರೆ ಸರ್," ಎಂದಳು ಅಕ್ಕ.

"ಒಂಬತ್ತು ಕಡೆನೂ ಇಬ್ಬಿಬ್ರಾ?"

"ಇರ್ತಾರೆ ಸರ್. ನಮ್ ಕಡೆ ಒಂದ್ ಬೀದೀಲೇ ಒಂದ್ ಹೆಸ್ರು ನಾಕ್ ಜನಕ್ ಇರುತ್ತೆ. ಕಂಡಿದ್ದ್ನೇ ಹೊಡ್ದಿದ್ದೀನಿ ನಾನು."

"ಸಿಸ್ಟಮ್ ತೆಗೆದಿರೋ ಲಿಸ್ಟಲ್ಲಿ ಒಬ್ಬನೇ ಇದ್ದಾನೆ. ಸಿಸ್ಟಮ್ ಸುಳ್ಳು ಹೇಳುತ್ತಾ?"

ಅಕ್ಕ ಟಿವಿಯ ಹತ್ತಿರ ಹೋದಳು. ಕೈಯಲ್ಲಿ ಆ ಸ್ಕೇಲು ಇತ್ತು. ಕೆಂಪು ಬಣ್ಣದ ಒಂದು ಸಾಲಿನ ಕೆಳಗೆ ಅದನ್ನು ಹಿಡಿದಳು. ಆ ಸಾಲಿನ ಹೆಸರನ್ನು ಅವಳು ಬಾಯಿಂದ ಹೇಳಲಿಲ್ಲ.

"ಇವ್ರು ನಮ್ ಯಜಮಾನ್ರು," ಎಂದಳು. "ಇವರ್ದು ಮರುಪರೀಕ್ಷೆ ಅಂತ ಬಂದದೆ. ಕೆಳ್ಗಡೆ ಇರೋರು ಬೇರೆಯೋರು. ಅವರ್ ಕಿವಿ ಚೆನ್ನಾಗದೆ. ಇಬ್ರೂ ಒಂದೇ ಪಾಳಿ. ನಂಗೊತ್ತಿಲ್ವಾ ಸರ್?"

ಗಂಡನ ಹೆಸರು ಹೇಳದ ಹೆಂಗಸು ಆ ಹೆಸರಿನ ಕೆಳಗೆ ಸ್ಕೇಲು ಹಿಡಿದು ಎರಡು ಸಲವೂ ಟೈಪ್ ಮಾಡಿದ್ದಳು. ಸೂಪರ್‌ವೈಸರ್ ನಕ್ಕ.

"ಓ, ಮನೆಯವರಾ? ಅದಕ್ಕೇ ಎರಡು ಸಲ ಹಾಕಿದ್ದೀರ. ಒಂದ್ಸಲ ನಪಾಸಾದ್ರೆ ಇನ್ನೊಂದ್ಸಲ ಪಾಸಾಗಲಿ ಅಂತ."

ಆಮೇಲೆ ನನ್ನ ಕಡೆ ತಿರುಗಿದ. "ನೀವು ಹೇಳಿ ಮೇಡಂ. ನಿಮ್ಮ ಲಿಸ್ಟ್ ಸರಿಯೋ ಇವರದ್ದು ಸರಿಯೋ?"

"ನನ್ನದು ಸರಿಯಿದೆ ಸರ್," ಎಂದೆ.

ಅಕ್ಕ ನನ್ನನ್ನು ನೋಡಿದ ನೋಟವನ್ನು ವರ್ಣಿಸುವ ಉಸಾಬರಿಗೆ ನಾನು ಹೋಗುವುದಿಲ್ಲ. ಸ್ಕೇಲನ್ನು ಮೇಜಿನ ಮೇಲಿಟ್ಟು ತನ್ನ ಜಾಗಕ್ಕೆ ಹೋಗಿ ಕೂತಳು. ಹತ್ತು ನಿಮಿಷದಲ್ಲಿ ಸೂಪರ್‌ವೈಸರ್ ಏಜೆನ್ಸಿಗೆ ಮೇಲ್ ಹಾಕಿದ. ಸುಳ್ಳು ಎಂಟ್ರಿ, ಈ ತಿಂಗಳ ಕೊನೆಗೆ ಮುಂದುವರಿಸುವುದು ಬೇಡ. ನನ್ನ ಪಟ್ಟಿಯನ್ನು ಕಾರ್ಖಾನೆಗೂ ಕಳಿಸಿಬಿಟ್ಟ.

ಊಟಕ್ಕೆ ನಾನು ಹೋಗಲಿಲ್ಲ. ಪಶ್ಚಾತ್ತಾಪದಿಂದಲ್ಲ, ಹಟದಿಂದ. ಅವಳು ಸುಳ್ಳು ಹೇಳಿದ್ದಾಳೆಂದು ಪೋರ್ಟಲಿನಲ್ಲೇ ತೋರಿಸಿ ಬಾಯಿ ಮುಚ್ಚಿಸಬೇಕೆಂದು ಕೂತೆ. ಪೋರ್ಟಲಿನ ಹುಡುಕುವ ಪೆಟ್ಟಿಗೆಯಲ್ಲಿ ಅಕ್ಕ ಸ್ಕೇಲು ಹಿಡಿದಿದ್ದ ಆ ಹೆಸರನ್ನು ಹೊಡೆದೆ.

ಎರಡು ಸಾಲು ಬಂತು. ಅದೇ ಇನಿಷಿಯಲ್, ಅದೇ ಹೆಸರು, ಪ್ರೆಸ್ ಶಾಪ್. ಒಂದರ ಮುಂದೆ ಮರುಪರೀಕ್ಷೆ. ಎರಡು ದಿನ ಬಿಟ್ಟು ಪರೀಕ್ಷೆಯಾದ ಇನ್ನೊಂದರ ಮುಂದೆ ಸರಿಯಿದೆ. ಎರಡರ ಮೇಲೂ ಮೌಸಿನ ಬಲ ಗುಂಡಿ ಒತ್ತಿ ಇನ್‌ಸ್ಪೆಕ್ಟ್ ಮಾಡಿ ನೋಡಿದೆ. ಪರದೆಗೆ ಕಾಣದಿದ್ದರೂ ಪುಟದ ಒಳಗೆ ಪ್ರತಿ ಸಾಲಿಗೂ data-id ಎಂದು ಒಂದು ನಂಬರು ಇತ್ತು. ಇಬ್ಬರ ನಂಬರೂ ಬೇರೆ ಬೇರೆ. ನಾನು ಮೊದಲ ದಿನವೇ ನೋಡಬಹುದಾಗಿದ್ದ ನಂಬರು.

ಆದದ್ದು ಏನೆಂದು ತಿಳಿಯಲು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಮೊದಲು ಅಕ್ಕನ ಗಂಡ ಸಿಕ್ಕಿದ್ದ, ಮ್ಯಾಪಿನಲ್ಲಿ ಕೂತಿದ್ದ. ಆಮೇಲೆ ಅದೇ ಹೆಸರಿನ ಇನ್ನೊಬ್ಬ ಸಿಕ್ಕಿದ. ಗುರುತು ಒಂದೇ ಆದ್ದರಿಂದ ನನ್ನ ಕೋಡು ಹಳೆಯವನ ಮೇಲೆ ಹೊಸಬನನ್ನು ಬರೆದುಕೊಂಡಿತು. ಕಿವಿ ಕೆಟ್ಟವನು ಅಳಿಸಿಹೋದ, ಚೆನ್ನಾಗಿರುವವನು ಉಳಿದ. ಕೋಡು ಯಾವ ಎಚ್ಚರಿಕೆಯನ್ನೂ ಕೊಡಲಿಲ್ಲ, ಕೆಂಪಕ್ಷರದಲ್ಲಿ ಏನೂ ಬರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿತ್ತು ಅಷ್ಟೇ. ಮೂವತ್ತೊಂದು ಸಲ ಹೀಗೇ ಆಗಿತ್ತು.

ಗುರುತಿನ ಜಾಗದಲ್ಲಿ ಹೆಸರು, ವಿಭಾಗ ತೆಗೆದು row.dataset.id, ಅಂದರೆ ಆ ನಂಬರನ್ನೇ, ಬರೆದೆ. ಬದಲಾಯಿಸಿದ್ದು ಇಷ್ಟೇ. ಮತ್ತೆ ಓಡಿಸಿದೆ. ಈ ಸಲ ಪೋರ್ಟಲಿನ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಒಂದು ಸಾಲಿನ ವ್ಯತ್ಯಾಸವೂ ಇರಲಿಲ್ಲ. ಪ್ರೆಸ್ ಶಾಪನ್ನು ಮಾತ್ರ ಬೇರೆ ಮಾಡಿ ಅಕ್ಕನ ಹಾಳೆಯ ಪಕ್ಕದಲ್ಲಿ ಇಟ್ಟೆ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ಆ ಹೆಂಗಸಿನ ಮೇಲೆ ನನಗೆ ಆಗ ಬಂದಷ್ಟು ಸಿಟ್ಟು ಜೀವನದಲ್ಲಿ ಯಾವತ್ತೂ ಬಂದಿಲ್ಲ. ಒಂದು ತಪ್ಪಾದರೂ ಮಾಡಿರಬಾರದಿತ್ತೇ ಎನಿಸಿತು.

ಸೂಪರ್‌ವೈಸರನ ಗಾಜಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಹೇಳಿದೆ. ಬಾಗಿಲು ಹಾಕಿಕೊಂಡೆ ಎಂಬುದನ್ನು ಓದುವವರು ಗಮನಿಸಬೇಕು.

ಅವನು ಎರಡು ಹಾಳೆಯನ್ನೂ ನೋಡಿದ. ಮುಖ ಗಂಟಾಯಿತು.

"ಕ್ಲೀನ್ ಮಾಡಿದೆ ಅಂದ್ರಲ್ಲ ಮೇಡಂ?"

"ತಪ್ಪಾಯ್ತು ಸರ್. ಅಕ್ಕಂದು ಸರಿಯಿದೆ. ಏಜೆನ್ಸಿಗೆ ಇನ್ನೊಂದು ಮೇಲ್..."

"ಮೇಲ್ ಹೋಗಾಯ್ತು. ಒಂದೇ ದಿನ ಎರಡು ಥರ ಮೇಲ್ ಹಾಕೋಕೆ ನಾನೇನು ಕೋಡಂಗಿನಾ? ಫೈಲನ್ನ ರಿವೈಸ್ಡ್ ಅಂತ ಹೆಸರಿಟ್ಟು ಕಾರ್ಖಾನೆಗೆ ಕಳಿಸ್ತೀನಿ. ಅವರಿಗೆ ಬೇಕಾಗಿರೋದು ಸಿಕ್ಕುತ್ತೆ. ಆಯಮ್ಮ ಹೇಗೂ ಸ್ಲೋ, ಇವತ್ತಲ್ಲ ನಾಳೆ ಹೋಗೋರೇ. ಹೊರಗೆ ಹೋಗಿ ಇದನ್ನ ಡಂಗುರ ಸಾರಬೇಡಿ. ನಿಮ್ಮನ್ನ ಪರ್ಮನೆಂಟ್ ಮಾಡೋಕೆ ಬರೆದಿದ್ದೀನಿ, ಅದು ನೆನಪಿರಲಿ."

ನಾನು "ಸರಿ ಸರ್" ಎಂದೆ. ಅಷ್ಟೇ ಅಲ್ಲ, ಕೋಣೆಯಿಂದ ಹೊರಗೆ ಬರುವಾಗ ಎದೆಯ ಭಾರ ಇಳಿದಂತಾಗಿತ್ತು. ಹೇಳಬೇಕಾದವರಿಗೆ ಹೇಳಿದ್ದೇನೆ, ಇನ್ನು ಅವನುಂಟು ಅವನ ಮೇಲ್ ಉಂಟು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಸಮಾಧಾನ ನೆನೆದರೆ ಈಗ ಮೈ ಉರಿಯುತ್ತದೆ.

ತಿಂಗಳ ಕೊನೆಯ ದಿನ ಅಕ್ಕ ತನ್ನ ಖಾನೆಯಿಂದ ಲೋಟ, ಟವಲು, ಸ್ಕೇಲು ಎತ್ತಿ ಚೀಲಕ್ಕೆ ಹಾಕಿಕೊಂಡಳು. ನನ್ನ ಮೇಜಿನ ಹತ್ತಿರ ಬಂದು ನಿಂತಳು. ಎರಡು ವಾರದಲ್ಲಿ ನನ್ನ ಜೊತೆ ಆಡಿದ ಮೊದಲ ಮಾತು ಅದು.

"ಮರುಪರೀಕ್ಷೆಗೆ ಕರ್ದವ್ರೆ ನಮ್ಮೋರ್ನ."

"ಒಳ್ಳೇದಾಯ್ತು ಅಕ್ಕ."

"ನಿನ್ ಪಟ್ಟೀಲಿ ಅವ್ರು ಇರ್ನಿಲ್ವಲ್ಲ. ಎಂಗ್ ಕರುದ್ರು?"

ನಾನು ಕೀಬೋರ್ಡು ನೋಡುತ್ತಾ ಕೂತೆ.

"ಅಂಗಾರೆ ನಿಂಗ್ ಗೊತ್ತಾಗ್ಬುಟ್ಟದೆ," ಎಂದಳು ಅಕ್ಕ ಮೆಲ್ಲಗೆ. "ಸರೀನೂ ಮಾಡಿದ್ದೀಯ. ಕಳ್ಳಿ ಅಂತ ಅಂದಾಗ ಎಲ್ರೂ ನಿಂತಿದ್ರು. ಅಲ್ಲ ಅಂತ ಹೇಳ್ವಾಗ ಒಬ್ರೂ ಇರ್ಬಾರ್ದಾ?"

ಹೇಳಲು ನನಗೆ ಅಲ್ಲೇ ಅವಕಾಶವಿತ್ತು. ನಾಲ್ಕೂ ಜನ ಕೂತಿದ್ದರು, ಗಾಜಿನ ಆಚೆ ಅವನಿದ್ದ. ಎದ್ದು ನಿಂತು ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ನಾನು ಎಫ್ ಹನ್ನೆರಡು ಒತ್ತಿ ಕನ್ಸೋಲ್ ತೆರೆದೆ, ಏನೋ ಕೆಲಸವಿರುವವಳ ಹಾಗೆ. ತೆರೆದ ಕಿಟಕಿ ಖಾಲಿ ಇತ್ತು. ಅಕ್ಕ ಅದನ್ನೂ ನೋಡಿ, ಹೊರಟುಹೋದಳು.

ನಾನು ಪರ್ಮನೆಂಟ್ ಆದೆ. ಈಗ ಆಫೀಸಿನಲ್ಲಿ ಟೈಪ್ ಮಾಡುವವರು ಇಬ್ಬರೇ. ಉಳಿದದ್ದನ್ನು ನನ್ನ ತುಣುಕು ಕೋಡುಗಳು ಮಾಡುತ್ತವೆ. ಪ್ರತಿಯೊಂದರಲ್ಲೂ ಮೊದಲು ಗುರುತು ಸರಿಯಿದೆಯೇ ನೋಡುತ್ತೇನೆ, ಪುಟದ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ತಾಳೆಯಾಗದಿದ್ದರೆ ಅಲ್ಲಿಗೇ ನಿಲ್ಲುವ ಹಾಗೆ ಬರೆಯುತ್ತೇನೆ. ನನ್ನ ಕೆಲಸ ಅಚ್ಚುಕಟ್ಟು ಎಂದು ಹೊಗಳುತ್ತಾರೆ. ಹೊಗಳಿದವರನ್ನು ಕಂಡರೆ ನನಗೆ ಆಗುವುದಿಲ್ಲ.

ಅಕ್ಕ ಈಗ ಹೆಬ್ಬಾಳದಲ್ಲೇ ಬೇರೆ ಕಡೆ, ನಿಂತು ಮಾಡುವ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾಳೆ. ಮೊನ್ನೆ ಬೆಳಿಗ್ಗೆ ಅದೇ ಬಸ್ಸಿಗೆ ಕುಂಬಾರಕೊಪ್ಪಲಿನಲ್ಲಿ ಗಂಡ ಹೆಂಡತಿ ಇಬ್ಬರೂ ಹತ್ತಿದರು. ಅಕ್ಕನಿಗೆ ಮುಂದೆ ಜಾಗ ಸಿಕ್ಕಿತು. ಅವಳ ಗಂಡ ಹಿಂದೆ ಬಂದು ನನ್ನ ಸೀಟಿನ ಪಕ್ಕ ಕಂಬಿ ಹಿಡಿದು ನಿಂತರು. ಎಡಗಿವಿಯ ಹಿಂದೆ ಕಂದು ಬಣ್ಣದ ಪುಟ್ಟ ಯಂತ್ರವಿತ್ತು. ಹಿಂದೆಲ್ಲ ಅಕ್ಕನನ್ನು ಬಸ್ಸು ಹತ್ತಿಸುವಾಗ ಕಂಡಿದ್ದ ನನ್ನನ್ನು ಗುರುತು ಹಿಡಿದು ನಕ್ಕರು. ಅಕ್ಕ ಅವರಿಗೆ ಏನೂ ಹೇಳಿಲ್ಲವೆಂದು ಆ ನಗುವಿನಿಂದಲೇ ತಿಳಿಯಿತು.

ನಾನು ಎದ್ದು ಅವರಿಗೆ ಸೀಟು ಬಿಟ್ಟುಕೊಟ್ಟೆ. ಬಗ್ಗಿ ಅವರ ಕಿವಿಯ ಹತ್ತಿರ ಹೇಳಿದೆ. "ಅಣ್ಣ, ಅಕ್ಕ ಹೊಡೆದಿದ್ದೇ ಸರಿ ಇತ್ತು. ತಪ್ಪು ನನ್ನದು."

"ಏನಂದ್ರಿ ಅವ್ವ? ಬಸ್ಸಿನ ಸದ್ದಿಗೆ ಈ ಮಿಷನ್ನೂ ಕೇಳ್ಸಾಕಿಲ್ಲ. ವಸಿ ಜೋರಾಗ್ ಯೋಳಿ."

ಸುತ್ತಲಿದ್ದವರು ತಿರುಗಿ ನೋಡಿದರು. ಪಾಳಿಗೆ ಹೋಗುವ ಹೆಂಗಸರು, ನಮ್ಮ ಆಫೀಸಿನ ಇಬ್ಬರು, ಕಂಡಕ್ಟರು. ಮುಂದಿನ ಸೀಟಿನಲ್ಲಿ ಅಕ್ಕನ ಬೆನ್ನು ನೆಟ್ಟಗಾಯಿತು. ಅವಳ ಕಿವಿ ಚೆನ್ನಾಗಿದೆ.

"ಏನಿಲ್ಲ ಅಣ್ಣ," ಎಂದೆ ಜೋರಾಗಿ. "ತಿಂಡಿ ಆಯ್ತಾ ಅಂದೆ."

"ಆಯ್ತು, ಆಯ್ತು," ಎಂದರು ಅವರು.

ಅಕ್ಕ ಹಿಂದೆ ತಿರುಗಿ ನೋಡಲಿಲ್ಲ.